ಐನೂರ ತೊಂಬತ್ತು ರೂಪಾಯಿಯ ಆಂಬುಲೆನ್ಸ್

ನನಗೆ ಕೋಪ ಬೇಗ ಬರುತ್ತದೆ, ಬೇಗ ಹೋಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುವವರು ನನ್ನನ್ನು ಒಳ್ಳೆಯ ಸೊಸೆ ಅಂತ ತಿಳಿದು ಕನಿಕರಪಡುವುದು ಬೇಡ. ಬ್ಯಾಂಕಿನ ಕಾಗದಗಳನ್ನು ಮುಂದಿಟ್ಟುಕೊಂಡು ನಾನು ಸಾಲು ಸಾಲು ಓದಿದ್ದು ಅತ್ತೆಯ ದುಡ್ಡು ಉಳಿಸಲಿಕ್ಕಲ್ಲ. ನನ್ನನ್ನು ಕಳ್ಳಿ ಅಂದವರ ಬಾಯಿ ಮುಚ್ಚಿಸಲಿಕ್ಕೆ.

ಆವತ್ತು ಪಕ್ಷದ ಹಬ್ಬ. ಅಟ್ಟೂರಿನ ನಮ್ಮ ಮನೆಯಲ್ಲಿ ಮಾವನವರ ಫೋಟೋ ಮುಂದೆ ಎಡೆ ಇಟ್ಟು, ಎಲ್ಲರೂ ಉಂಡು ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಎಲ್ಲರೂ ಅಂದರೆ ನನ್ನ ಗಂಡ, ಸಿಂಗಾಪುರದಿಂದ ಬಂದಿದ್ದ ನಾದಿನಿ, ಆರ್.ಟಿ. ನಗರದಿಂದ ಬಂದಿದ್ದ ಭಾವ ಮತ್ತು ಓರಗಿತ್ತಿ. ಅತ್ತೆ ವಾಕರ್ ಪಕ್ಕದಲ್ಲಿಟ್ಟುಕೊಂಡು ದಿವಾನದ ಮೇಲಿದ್ದರು. ಆಷಾಢದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು, ಹೆಬ್ಬಾಳದ ಹತ್ತಿರದ ಆಸ್ಪತ್ರೆಯಲ್ಲಿ ಆಪರೇಷನ್ ಆಗಿತ್ತು. ಅವರನ್ನು ನೋಡಿಕೊಳ್ಳಲಿಕ್ಕೆ ಅಂತಲೇ ನಾನು ಯಶವಂತಪುರದ ಈರುಳ್ಳಿ ಮಂಡಿಯಲ್ಲಿ ಹನ್ನೊಂದು ವರ್ಷ ಬಿಲ್ ಬರೆದಿದ್ದ ಕೆಲಸ ಬಿಟ್ಟೆ. ಬಿಡು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬೇರೆ ಯಾರು ಬಿಡುತ್ತಾರೆ ಅಂತಲೂ ಯಾರೂ ಕೇಳಲಿಲ್ಲ.

ನಾನು ಪಾತ್ರೆ ತೊಳೆಯಲು ಎದ್ದಾಗ ಓರಗಿತ್ತಿ ಕೈಚೀಲದಿಂದ ಮಡಚಿದ ಕಾಗದ ತೆಗೆದಳು. ದೊಡ್ಡ ಆಫೀಸಿನಲ್ಲಿ ಕೆಲಸ, ಮಾತೂ ಮೀಟಿಂಗಿನ ಥರವೇ.

"ಕೂತ್ಕೊಮ್ಮ, ಸ್ವಲ್ಪ ಮಾತಾಡ್ಬೇಕು. ಬ್ಯಾಂಕಲ್ಲಿ ಪರಿಚಯದವ್ರಿಂದ ಅಮ್ಮನ ಅಕೌಂಟ್ ಸ್ಟೇಟ್‌ಮೆಂಟ್ ತೆಗ್ಸಿದೀನಿ. ಮೂರು ತಿಂಗ್ಳದ್ದು."

ಮಾವ ಸರ್ಕಾರಿ ವರ್ಕ್‌ಶಾಪಿನಲ್ಲಿದ್ದವರು. ಅವರು ಹೋದ ಮೇಲೆ ಅತ್ತೆಗೆ ತಿಂಗಳಿಗೆ ಹದಿನೇಳು ಸಾವಿರ ಫ್ಯಾಮಿಲಿ ಪೆನ್ಷನ್ ಬರುತ್ತದೆ. ಕಾರ್ಡು ನನ್ನ ಹತ್ತಿರ ಇತ್ತು. ತಿಂಗಳ ಮೊದಲ ವಾರ ಎಟಿಎಂಗೆ ಹೋಗಿ ಔಷಧಿಗೆ, ಮನೆಗೆ ಅಂತ ತೆಗೆಯುತ್ತಿದ್ದವಳು ನಾನು. ಕಾಗದದ ಮೇಲೆ ಹಳದಿ ಪೆನ್ನಿನಿಂದ ಬಳಿದ ಗೆರೆಗಳು ದೂರಕ್ಕೇ ಕಾಣುತ್ತಿದ್ದವು.

"ಇಲ್ಲಿ ನೋಡು. ಎಎಂಬಿ ಚಾರ್ಜ್, ಐನೂರ ತೊಂಬತ್ತು. ಮೂರು ಸಲ ಕಟ್ ಆಗಿದೆ. ಆಂಬುಲೆನ್ಸ್ ಚಾರ್ಜ್ ತಾನೇ? ಅಮ್ಮ ಆಸ್ಪತ್ರೆಗೆ ಹೋಗಿದ್ದು, ಮನೆಗೆ ಬಂದಿದ್ದು, ಆಮೇಲೆ ಎಕ್ಸ್‌ರೇಗೆ ಹೋಗಿದ್ದು. ಕರೆಕ್ಟಾಗಿ ಮೂರು. ನೀನು ಆಂಬುಲೆನ್ಸ್‌ಗೆ ಕೈಯಿಂದ ಮೂರೂವರೆ ಸಾವಿರ ಕೊಟ್ಟೆ ಅಂತ ಚೀಟಿ ಬರ್ದು ಇವರ ಹತ್ರ ಅರ್ಧ ಇಸ್ಕೊಂಡ್ಯಲ್ಲಾ, ಅದ್ಯಾವ ಆಂಬುಲೆನ್ಸು?"

ಸತ್ಯ ಹೇಳುತ್ತೇನೆ, ಒಂದು ಕ್ಷಣ ನಾನೇ ನಂಬಿದೆ. ಎಎಂಬಿ ಅಂದರೆ ಇನ್ನೇನಿರುತ್ತದೆ? ಅತ್ತೆ ಬಿದ್ದ ದಿನ ಆ ಡ್ರೈವರ್ ಕೈಗೆ ನೋಟು ಎಣಿಸಿ ಕೊಟ್ಟವಳು ನಾನೇ, ಆದರೂ ಆ ಮೂರು ಅಕ್ಷರವನ್ನೇ ಮತ್ತೆ ಮತ್ತೆ ಓದಿದೆ.

ಅವಳು ಬಿಡಲಿಲ್ಲ. "ಇದು ಆಸ್ಪತ್ರೆ ಮೆಡಿಕಲ್ಸು. ಒಂದೇ ದಿನ ಎರಡು ಸಲ ಎಂಟು ಸಾವಿರದ ನಾನೂರು. ಬಿಲ್ಲು ಮಾತ್ರ ಒಂದೇ. ಇನ್ನೊಂದೆಲ್ಲಿ? ಇದು ನೋಡು, ಇನ್ಶೂರೆನ್ಸು, ತಿಂಗ್ಳಿಗೆ ಎರಡೂವರೆ ಸಾವಿರ. ಅಮ್ಮನಿಗೆ ಎಪ್ಪತ್ತೆಂಟು ವರ್ಷ, ಅವರ್ಗ್ಯಾಕೆ ಇನ್ಶೂರೆನ್ಸು? ನೀನು ತಾನೇ ಯುಗಾದಿಲಿ ಹೇಳಿದ್ದು, ಪಾಲಿಸಿ ಮಾಡ್ಸಿದೀನಿ ಅಂತ?"

"ಅಕ್ಕ, ನನ್ ಪಾಲಿಸಿ ದುಡ್ಡು ನನ್ ಅಕೌಂಟಿಂದ ಹೋಗುತ್ತೆ."

"ಹೋಗ್ಬಹುದಮ್ಮ. ನಾನೇನು ಕದ್ದೆ ಅಂತ ಹೇಳ್ತಿಲ್ಲ. ಕ್ಲಾರಿಟಿ ಕೇಳ್ತಿದೀನಿ ಅಷ್ಟೇ."

ಕ್ಲಾರಿಟಿಯಂತೆ! ಭಾವ ಫೋನು ನೋಡುತ್ತಿದ್ದರು. ನನ್ನ ಗಂಡ ನೆಲ ನೋಡುತ್ತಿದ್ದರು. ನಾನು ಅತ್ತೆಯ ಕಡೆ ತಿರುಗಿದೆ. ಮೂರು ತಿಂಗಳು ಅವರ ಮೈ ಒರೆಸಿದ ಕೈ ಇದು. ಒಂದು ಮಾತು ಆಡುತ್ತಾರೆ ಅಂತ ಕಾದೆ.

"ನಂಗೇನ್ ಗೊತ್ತವ್ವಾ, ನಾನೇನ್ ಓದ್ದೋಳಾ," ಅಂದರು ಅತ್ತೆ. ಆಮೇಲೆ, ನನ್ನ ಮುಖ ನೋಡದೆ, "ಆ ಕಾರ್ಡು ದೊಡ್ಡೋಳ ತಾವ ಕೊಟ್ಬುಡು."

ಒಳಗೆ ಹೋಗಿ ಕಾರ್ಡು ತಂದು ಟೀಪಾಯಿ ಮೇಲೆ ಇಟ್ಟೆ. ಎಸೆದೆ ಅಂತ ಓರಗಿತ್ತಿ ಆಮೇಲೆ ಎಲ್ಲರಿಗೂ ಹೇಳಿದಳಂತೆ. ಎಸೆಯಬೇಕಿತ್ತು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಅತ್ತುಬಿಟ್ಟೆ. ಮೈಯೆಲ್ಲ ಉರಿಯುತ್ತಿತ್ತು. ಇದೇ ಮನೆಯಲ್ಲಿ, ಇದೇ ಜನದ ಮುಂದೆ ಇವರೆಲ್ಲ ತಲೆ ತಗ್ಗಿಸಿ ಕೂರುವ ಹಾಗೆ ಮಾಡದಿದ್ದರೆ ನನ್ನ ಹೆಸರು ಬೇರೆ ಇಡಿ ಅಂದುಕೊಂಡೆ.

ಆದರೆ ಕಾಗದ ಇಲ್ಲದೆ ಏನು ಮಾಡುವುದು? ಅಕೌಂಟು ಅತ್ತೆಯದು. ಅವರ ಸಹಿ ಇಲ್ಲದೆ ಬ್ಯಾಂಕಿನವರು ನನಗೆ ಒಂದು ಹಾಳೆ ಕೊಡುವುದಿಲ್ಲ. ನವೆಂಬರ್ ತಿಂಗಳು ನನ್ನ ಕೈ ಹಿಡಿಯಿತು. ಪೆನ್ಷನ್ ತೆಗೆದುಕೊಳ್ಳುವವರು ಆ ತಿಂಗಳು ಬದುಕಿದ್ದೇವೆ ಅಂತ ಬ್ಯಾಂಕಿಗೆ ತೋರಿಸಬೇಕು, ಜೀವನ ಪ್ರಮಾಣಪತ್ರ ಕೊಡಬೇಕು. ಓರಗಿತ್ತಿ ಫೋನ್ ಮಾಡಿದಳು.

"ನಂಗೆ ರಜೆ ಸಿಗಲ್ಲಮ್ಮ. ಅದೊಂದು ನೀನೇ ಅಮ್ಮನ್ನ ಕರ್ಕೊಂಡ್ ಹೋಗಿ ಮಾಡಿಸ್ಬಿಡು."

ಕಾರ್ಡು ಅವಳ ಹತ್ತಿರ, ಕೆಲಸ ನನ್ನ ಹತ್ತಿರ. "ಆಯ್ತಕ್ಕ," ಅಂದೆ. ಅಷ್ಟು ಸಂತೋಷದಿಂದ ಆಯ್ತು ಅಂದಿದ್ದು ಅದೇ ಮೊದಲು.

ಯಲಹಂಕ ನ್ಯೂ ಟೌನಿನ ಬ್ರಾಂಚಿಗೆ ಆಟೋದಲ್ಲಿ ಹೋದೆವು. ಅತ್ತೆ ಬೆರಳಚ್ಚು ಕೊಟ್ಟು ಮುಗಿಸಿದ ಮೇಲೆ, ಮನೆಯಲ್ಲೇ ಬರೆದಿಟ್ಟುಕೊಂಡಿದ್ದ ಅರ್ಜಿ ಮುಂದಿಟ್ಟೆ. ಜನವರಿಯಿಂದ ಈವರೆಗಿನ ಪೂರ್ತಿ ಸ್ಟೇಟ್‌ಮೆಂಟ್ ಕೊಡಿ ಅಂತ.

"ಇದ್ಯಾಕವ್ವಾ?" ಅಂದರು ಅತ್ತೆ.

"ನಿಮ್ ದುಡ್ಡು ಯಾರ್ ತಿಂದ್ರು ಅಂತ ನೋಡ್ಬೇಡ್ವಾ ಅತ್ತೆ?"

ಅವರು ಸಹಿ ಹಾಕಿದರು. ಒಂಬತ್ತು ಹಾಳೆ ಬಂತು.

ಮಂಡಿಯ ಸಾಹುಕಾರರು ನನಗೆ ಕಲಿಸಿದ ವಿದ್ಯೆ ಒಂದೇ. ಒಟ್ಟು ಮೊತ್ತ ನೋಡಬೇಡ, ಸಾಲು ನೋಡು. ಪ್ರತಿ ಸಾಲಿಗೂ ಒಂದು ಚೀಟಿ ಇರಬೇಕು. ಚೀಟಿ ಇಲ್ಲದ ಸಾಲಿಗೆ ಸುತ್ತು ಹಾಕು. ಇಷ್ಟು ಗೊತ್ತಿದ್ದೂ ಅತ್ತೆಯ ಅಕೌಂಟಿನ ವಿಷಯದಲ್ಲಿ ನಾನು ಎಟಿಎಂ ಪರದೆಯ ಬ್ಯಾಲೆನ್ಸ್ ನೋಡಿ ಸುಮ್ಮನಾಗಿದ್ದೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಆವತ್ತು ಊಟದ ಮೇಜಿನ ಮೇಲೆ ಹಾಳೆಗಳನ್ನು ಹರಡಿ, ಆಸ್ಪತ್ರೆ ಫೈಲು, ಎಟಿಎಂ ಚೀಟಿಗಳು, ಔಷಧಿ ಬಿಲ್ಲುಗಳು ಎಲ್ಲವನ್ನೂ ಪಕ್ಕದಲ್ಲಿಟ್ಟು ಕೂತೆ. ನಾನು ಎಟಿಎಂನಲ್ಲಿ ತೆಗೆದದ್ದಕ್ಕೆಲ್ಲ ಚೀಟಿ ಇತ್ತು. ಹಸಿರು ಗುರುತು ಹಾಕುತ್ತಾ ಬಂದೆ. ಸುತ್ತು ಬಿದ್ದ ಸಾಲುಗಳು ಮಾತ್ರ ಉಳಿದವು.

ಮೊದಲು ಕಣ್ಣಿಗೆ ಬಿದ್ದದ್ದು ಆ ಐನೂರ ತೊಂಬತ್ತೇ. ಮೂರಲ್ಲ, ಏಳು! ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಪ್ರತಿ ತಿಂಗಳೂ ಮೊದಲ ವಾರದಲ್ಲಿ ಒಂದೊಂದು. ಏಪ್ರಿಲ್‌ನಲ್ಲಿ ಅತ್ತೆ ಗಟ್ಟಿಮುಟ್ಟಾಗಿ ಅಕ್ಕಿ ಸಂಡಿಗೆ ಒಣಹಾಕುತ್ತಿದ್ದರು. ಬೀಳುವುದಕ್ಕೆ ಮೂರು ತಿಂಗಳು ಮುಂಚೆಯೇ ಆಂಬುಲೆನ್ಸ್ ಬಂದು ಹೋಯಿತೇ? ಓರಗಿತ್ತಿ ಮೂರೇ ತಿಂಗಳ ಹಾಳೆ ತೆಗೆಸಿದ್ದಕ್ಕೆ ಅವಳ ಲೆಕ್ಕ ಅಷ್ಟು ಸರಿಯಾಗಿ ಕೂತಿತ್ತು.

ಐನೂರ ತೊಂಬತ್ತು ಅನ್ನುವ ಸಂಖ್ಯೆಯೇ ನನಗೆ ವಿಚಿತ್ರ ಅನ್ನಿಸಿತು. ಯಾವ ಡ್ರೈವರೂ ಹೀಗೆ ಕೇಳುವುದಿಲ್ಲ, ಆರುನೂರು ಅನ್ನುತ್ತಾನೆ. ಮಂಡಿಯಲ್ಲಿ ಬಿಲ್ ಬರೆದ ಕೈ ತಾನೇ ಕ್ಯಾಲ್ಕುಲೇಟರಿಗೆ ಹೋಯಿತು. ಒಂದು ಪಾಯಿಂಟ್ ಒಂದು ಎಂಟರಿಂದ ಭಾಗಿಸಿದೆ. ಸರಿಯಾಗಿ ಐನೂರು. ಅಂದರೆ ಐನೂರು ರೂಪಾಯಿ ಮೇಲೆ ಹದಿನೆಂಟು ಪರ್ಸೆಂಟ್ ಜಿಎಸ್‌ಟಿ. ಬ್ಯಾಂಕು ತನ್ನ ಸೇವೆಗೆ ಹಾಕುವ ಶುಲ್ಕಕ್ಕೆ ಆ ತೆರಿಗೆ ಇದೆ. ರೋಗಿಯನ್ನು ಸಾಗಿಸುವ ಆಂಬುಲೆನ್ಸಿಗೆ ಜಿಎಸ್‌ಟಿಯೇ ಇಲ್ಲ! ಇನ್ನೊಂದು ಸುತ್ತು, ಎಂಟುನೂರ ಎಂಬತ್ತೈದು. ಭಾಗಿಸಿದೆ, ಏಳುನೂರ ಐವತ್ತು. ಅದೂ ಬ್ಯಾಂಕಿನದೇ ಶುಲ್ಕ. ನಾನು ಒಬ್ಬಳೇ ಕೂತು ಜೋರಾಗಿ ನಕ್ಕೆ. ಗಂಡ ಒಳಗಿನಿಂದ "ಏನಾಯ್ತೇ?" ಅಂದರು. ಏನಿಲ್ಲ ಅಂದೆ. ಆವತ್ತು ನೆಲ ನೋಡಿದವರಿಗೆ ನಾನೇಕೆ ಹೇಳಲಿ?

ಮಾರನೆಯ ದಿನ ಮತ್ತೆ ಅತ್ತೆಯನ್ನು ಆಟೋ ಹತ್ತಿಸಿದೆ. ಬ್ರಾಂಚಿನ ಹುಡುಗಿ ಒಳ್ಳೆಯವಳು, ಸಾಲುಗಳನ್ನು ಒಂದೊಂದಾಗಿ ಕಂಪ್ಯೂಟರಿನಲ್ಲಿ ತೆರೆದು ನೋಡಿದಳು.

"ಎಎಂಬಿ ಅಂದ್ರೆ ಆವರೇಜ್ ಮಂತ್ಲಿ ಬ್ಯಾಲೆನ್ಸ್ ಮೇಡಂ. ದಿನಾ ಸಂಜೆ ಅಕೌಂಟಲ್ಲಿ ಎಷ್ಟಿರುತ್ತೋ ಅದನ್ನೆಲ್ಲ ಕೂಡಿ, ತಿಂಗಳ ದಿನದಿಂದ ಭಾಗಿಸ್ತೀವಿ. ಇಪ್ಪತ್ತೈದು ಸಾವಿರಕ್ಕಿಂತ ಕಡಿಮೆ ಬಂದ್ರೆ ಚಾರ್ಜ್ ಬೀಳುತ್ತೆ."

"ಬರೋ ಪೆನ್ಷನ್ನೇ ಹದಿನೇಳು ಸಾವಿರ ಕಣಮ್ಮ! ಪೆನ್ಷನ್ ಅಕೌಂಟಿಗೆ ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ನಿಮ್ಮೋರೇ ಹೇಳಿದ್ದು."

"ಮಾರ್ಚಲ್ಲಿ ಅಕೌಂಟ್ ಟೈಪ್ ಚೇಂಜ್ ಆಗಿದೆ ಮೇಡಂ. ದೊಡ್ಡ ಕೆಟಗರಿಗೆ. ಕಾರ್ಡೂ ಬೇರೆ ಕೊಟ್ಟಿದಾರೆ, ಅದರ ವರ್ಷದ ಫೀ ಈ ಎಂಟುನೂರ ಎಂಬತ್ತೈದು. ಇನ್ಶೂರೆನ್ಸೂ ಆವತ್ತೇ ತಗೊಂಡಿದಾರೆ, ತಿಂಗಳಿಗೆ ಆಟೋ ಡೆಬಿಟ್."

ಮಾರ್ಚ್ ಅಂದ ತಕ್ಷಣ ನೆನಪಾಯಿತು. ಕೆವೈಸಿ ಮಾಡಬೇಕು ಅಂತ ಬ್ಯಾಂಕಿನ ಒಬ್ಬ ಮನೆಗೇ ಬಂದಿದ್ದ. ಓರಗಿತ್ತಿ ಪರಿಚಯದವನು, ಅಮ್ಮ ಬ್ರಾಂಚಿಗೆ ಅಲೆಯುವುದು ಬೇಡ ಅಂತ ಅವಳೇ ಕಳಿಸಿದ್ದಳು. ನಾನು ಮಂಡಿಯಲ್ಲಿದ್ದೆ. ಅತ್ತೆ ಅವನ ಟ್ಯಾಬ್‌ನ ಗಾಜಿನ ಮೇಲೆ ಬೆರಳಿನಿಂದ ಸಹಿ ಮಾಡಿ, ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದ್ದರು. ಆಮೇಲೆ ಅಂಚೆಯಲ್ಲಿ ಹೊಸ ಕಾರ್ಡು ಬಂದಾಗ, ಹಳೆಯದರ ಅವಧಿ ಮುಗಿದಿರಬೇಕು ಅಂದುಕೊಂಡಿದ್ದೆ.

"ಇವ್ರಿಗೆ ಗೊತ್ತೇ ಇಲ್ದೆ ಇನ್ಶೂರೆನ್ಸ್ ಹೇಗಮ್ಮ ಆಗುತ್ತೆ?"

"ಒಟಿಪಿ ಕೊಟ್ಟಿದಾರಲ್ಲ ಮೇಡಂ. ಬ್ಯಾಲೆನ್ಸ್ ಕಡಿಮೆ ಇದೆ, ಚಾರ್ಜ್ ಬೀಳುತ್ತೆ ಅಂತ ಪ್ರತಿ ತಿಂಗಳು ಮೆಸೇಜೂ ಹೋಗಿದೆ. ಇದೇ ನಂಬರಿಗೆ."

ನಂಬರಿನ ಕೊನೆಯ ನಾಲ್ಕು ಅಂಕಿ ಓದಿದಳು. ಭಾವನ ನಂಬರು. ಮಾವ ಹೋದಾಗ ಪೆನ್ಷನ್ ಕಾಗದಕ್ಕೆ ಕೊಟ್ಟಿದ್ದು ಅವರದ್ದೇ. ನನ್ನನ್ನು ಕಳ್ಳಿ ಅಂದ ಪ್ರತಿ ಸಾಲಿನ ಉತ್ತರವೂ ಏಪ್ರಿಲ್‌ನಿಂದ ಅವರ ಜೇಬಿನಲ್ಲೇ ಓಡಾಡುತ್ತಿತ್ತು. ಅವರು ಓದಿರಲಿಲ್ಲ.

ಎರಡು ಸಲ ಹೋದ ಎಂಟು ಸಾವಿರದ ನಾನೂರಕ್ಕೆ ಉತ್ತರ ಆಸ್ಪತ್ರೆ ಫೈಲಿನಲ್ಲೇ ಇತ್ತು. ಆವತ್ತು ಮೆಡಿಕಲ್ಸಿನಲ್ಲಿ ಕಾರ್ಡ್ ಉಜ್ಜಿದಾಗ ಮೆಷಿನ್ ಸುಮ್ಮನೆ ತಿರುಗಿ ತಿರುಗಿ ಆಗಲಿಲ್ಲ ಅಂತ ಚೀಟಿ ಉಗುಳಿತ್ತು; ಮತ್ತೆ ಉಜ್ಜಿದಾಗ ಆಯಿತು. ಆಗದ ಚೀಟಿಯನ್ನೂ ಬಿಲ್ಲಿಗೆ ಪಿನ್ ಮಾಡಿದ್ದೆ. ಅಕ್ಷರ ಮಾಸಿತ್ತು, ಬೆಳಕಿಗೆ ಹಿಡಿದರೆ ಓದಬಹುದಿತ್ತು. ದುಡ್ಡು ಮಾತ್ರ ಎರಡೂ ಸಲ ಹೋಗಿತ್ತು. ಡಿಸ್ಚಾರ್ಜ್ ದಿನ ಬ್ಯಾಲೆನ್ಸ್ ಸಾಲದೆ ಕಾರ್ಡು ನಡೆಯದಾಗ, ನನ್ನ ಲೆಕ್ಕವೇ ತಪ್ಪಿರಬೇಕು ಅಂತ ಸ್ವಂತ ದುಡ್ಡು ಕಟ್ಟಿದ್ದೆ. ಅದನ್ನು ಯಾರ ಹತ್ತಿರವೂ ಕೇಳಿರಲಿಲ್ಲ. ಈಗ ಹೆಬ್ಬಾಳಕ್ಕೆ ಹೋಗಿ, ನಮಗೆ ಬಂದಿರುವುದು ಒಂದೇ ಸಲ ಅಂತ ಮೆಡಿಕಲ್ಸಿನವರಿಂದ ಸೀಲು ಹಾಕಿಸಿ ಪತ್ರ ತಂದೆ.

ದೂರನ್ನು ಕನ್ನಡದಲ್ಲೇ ಬರೆದೆ. ಅತ್ತೆ ಸಹಿ ಹಾಕಿದರು, ಏನೂ ಕೇಳಲಿಲ್ಲ. ಪೆನ್ಷನ್ ಅಕೌಂಟನ್ನು ಕೇಳದೆ ಬದಲಾಯಿಸಿದ್ದೀರಿ, ಹಾಕಿದ ಶುಲ್ಕವೆಲ್ಲ ವಾಪಸ್ ಕೊಡಿ. ಎಪ್ಪತ್ತೆಂಟು ವರ್ಷದವರಿಗೆ ತಿಳಿಸದೆ, ಬೇರೆಯವರ ಫೋನಿಗೆ ಒಟಿಪಿ ಕಳಿಸಿ ಪಾಲಿಸಿ ಮಾಡಿದ್ದೀರಿ, ರದ್ದು ಮಾಡಿ ಕಂತುಗಳನ್ನು ಹಿಂತಿರುಗಿಸಿ. ಆಗದ ವ್ಯವಹಾರದ ದುಡ್ಡು ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕಿತ್ತು, ಬಂದಿಲ್ಲ. ನಿಯಮದ ಪ್ರಕಾರ ಆಮೇಲಿನ ಪ್ರತಿ ದಿನಕ್ಕೂ ನೂರು ರೂಪಾಯಿ ಸೇರಿಸಿ ಕೊಡಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಓಂಬುಡ್ಸ್‌ಮನ್‌ಗೆ ಹೋಗುತ್ತೇವೆ. ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೇ ಹೊರಟೆ. ಅತ್ತೆಯ ಫೋನ್ ನಂಬರನ್ನೂ ಆವತ್ತೇ ದಾಖಲಿಸಿದೆ.

ಇಪ್ಪತ್ತಾರನೇ ದಿನ ಅತ್ತೆಯ ಫೋನು ಒಂದರ ಹಿಂದೆ ಒಂದು ಕುಯ್‌ಗುಟ್ಟಿತು. ಶುಲ್ಕಗಳೆಲ್ಲ ಬಂದವು, ಕಂತುಗಳು ಬಂದವು, ಎಂಟು ಸಾವಿರದ ನಾನೂರು ಬಂತು. ಜೊತೆಗೆ ನೂರ ನಲವತ್ತು ದಿನಕ್ಕೆ ಹದಿನಾಲ್ಕು ಸಾವಿರ! ಆ ಎಂಟು ಸಾವಿರದ ನಾನೂರಕ್ಕಿಂತ ಅದರ ದಂಡವೇ ಜಾಸ್ತಿ. ಬ್ಯಾಂಕಿನ ಮೇಲಿನ ಸೇಡು ಅಲ್ಲಿಗೆ ತೀರಿತು. ಅದು ಸಣ್ಣದು. ದೊಡ್ಡದಕ್ಕೆ ಸಂಕ್ರಾಂತಿವರೆಗೆ ಬಾಯಿ ಹೊಲಿದುಕೊಂಡು ಕಾದೆ.

ಸಂಕ್ರಾಂತಿಗೆ ಎಲ್ಲರೂ ಬಂದರು. ಉಂಡು ಕೂತರು. ನಾನು ಒಂಬತ್ತು ಹಾಳೆ ತಂದು ಓರಗಿತ್ತಿಯ ಮಡಿಲಿಗೆ ಇಟ್ಟೆ.

"ಓದಿ ಅಕ್ಕ. ಜೋರಾಗಿ. ಏಪ್ರಿಲ್‌ನಿಂದ ಶುರು ಮಾಡಿ."

"ಏನಿದು?"

"ಕ್ಲಾರಿಟಿ."

ಅವಳು ಓದಿದಳು. ಮೊದಲ ಎಎಂಬಿ ಬಂದಾಗ ನಿಲ್ಲಿಸಿ ಕೇಳಿದೆ, ಏಪ್ರಿಲ್‌ನಲ್ಲಿ ಯಾರನ್ನು ಆಂಬುಲೆನ್ಸಿನಲ್ಲಿ ಹಾಕಿಕೊಂಡು ಹೋದರು ಅಂತ. ಅವಳು ಮುಂದಿನ ಸಾಲಿಗೆ ಹೋದಳು. ಮತ್ತೆ ಎಎಂಬಿ. ನಾಲ್ಕನೆಯದರ ಹೊತ್ತಿಗೆ ದನಿ ಇಳಿದುಹೋಗಿತ್ತು. ನಾನು ಬಿಡಲಿಲ್ಲ, ಏಳೂ ಓದಿಸಿದೆ. ಆಮೇಲೆ ಬ್ಯಾಂಕಿನ ಪತ್ರ ಓದಿಸಿದೆ. ಆಮೇಲೆ ಭಾವನ ಕಡೆ ತಿರುಗಿದೆ.

"ಭಾವ, ನಿಮ್ ಫೋನಲ್ಲಿ ಮಾರ್ಚ್ ತಿಂಗಳ ಮೆಸೇಜ್ ತೆಗೀರಿ. ಒಟಿಪಿ ಹೇಳಿದ್ದು ಯಾರು?"

ಅವರು ಬಹಳ ಹೊತ್ತು ಬೆರಳು ಓಡಿಸಿದರು. "ಹೆಬ್ಬಾಳ ಫ್ಲೈಓವರ್ ಮೇಲೆ ಟ್ರಾಫಿಕಲ್ಲಿದ್ದೆ ಕಣಮ್ಮ. ಆ ಹುಡ್ಗ ಫೋನ್ ಮಾಡ್ದ, ಕೆವೈಸಿಗೆ ಅಂದ, ಹೇಳ್ಬಿಟ್ಟೆ."

"ಅಷ್ಟೇ ಅಲ್ವಾ? ನೀವು ಟ್ರಾಫಿಕಲ್ಲಿದ್ರಿ, ನಾನು ಕಳ್ಳಿ ಆದೆ."

ಓರಗಿತ್ತಿ "ಸಾರಿ" ಅಂದಳು. ಕನ್ನಡದಲ್ಲಿ ಹೇಳಿ ಅಕ್ಕ ಅಂದೆ. "ತಪ್ಪಾಯ್ತು" ಅಂದಳು, ಕಿವಿ ಕೆಂಪಾಗಿತ್ತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಆದರೆ ಅದು ಸಾಲಲಿಲ್ಲ. ಅಷ್ಟು ತಿಂಗಳು ಎದೆಯಲ್ಲಿ ಉರಿದದ್ದು ಓರಗಿತ್ತಿಯ ಮಾತಲ್ಲ ಅಂತ ನನಗೆ ತಿಳಿದದ್ದೇ ಆಗ.

"ಅತ್ತೆ, ನೀವೂ ಹೇಳಿ."

"ಬಿಡಿ ಅತ್ತಿಗೆ, ದೊಡ್ಡೋರು," ಅಂದಳು ನಾದಿನಿ.

"ಬಿಡಲ್ಲ."

ಅತ್ತೆ ದಿವಾನದ ಅಂಚು ಹಿಡಿದುಕೊಂಡು ನನ್ನನ್ನೇ ನೋಡಿದರು. ಆವತ್ತಿನ ಹಾಗೆ ಮುಖ ತಿರುಗಿಸಲಿಲ್ಲ.

"ನೀನ್ ಕದ್ದಿಲ್ಲ ಅಂತ ನಂಗೊತ್ತಿತ್ತು ಕಣವ್ವಾ. ಆವತ್ತೇ ಗೊತ್ತಿತ್ತು."

"ಗೊತ್ತಿತ್ತಾ? ಮತ್ತ್ಯಾಕೆ ಸುಮ್ನಿದ್ರಿ?"

"ದೊಡ್ಡೋಳು ಬರಾದೇ ವರ್ಷಕ್ಕೆ ಎಲ್ಡ್ ಸಲ. ನಾನ್ ಏನಾರ ಅಂದಿದ್ರೆ ಅದ್ನೂ ಬಿಟ್ಬುಡೋಳು, ನನ್ ಮಗನ್ನೂ ಕಳಿಸ್ತಿರ್ಲಿಲ್ಲ. ನೀನಾದ್ರೆ ಇರ್ತೀಯ. ನೀನ್ ಎಲ್ಲಿಗೋಗೀಯೆ?"

ಇಷ್ಟು ದಿನ ನಾನು ಅವರು ನಂಬಲಿಲ್ಲ ಅಂತ ಉರಿದಿದ್ದೆ. ನಂಬಿದ್ದರಂತೆ! ನಂಬಿಯೂ ನನ್ನನ್ನು ಬಿಟ್ಟುಕೊಟ್ಟರಂತೆ, ಯಾಕೆಂದರೆ ನಾನು ಎಲ್ಲಿಗೂ ಹೋಗುವವಳಲ್ಲ. ನನ್ನ ಒಂಬತ್ತು ಹಾಳೆಯಲ್ಲಿ ಎಲ್ಲೂ ಈ ಸಾಲು ಇರಲಿಲ್ಲ. ಎದ್ದು ಹೋಗಿ ಎಲ್ಲರಿಗೂ ಕಾಫಿ ಮಾಡಿದೆ.

ಮಾರನೆಯ ಬೆಳಿಗ್ಗೆ ಚೀಲಕ್ಕೆ ನಾಲ್ಕು ಸೀರೆ ತುಂಬಿ, ಔಷಧಿಯ ಹೊತ್ತು ಬರೆದ ಚೀಟಿಯನ್ನು ಗಂಡನ ಕೈಗಿಟ್ಟು, ಸೋಲದೇವನಹಳ್ಳಿಯ ನನ್ನ ಅಕ್ಕನ ಮನೆಗೆ ಹೊರಟೆ. ರಜೆ ಸಿಗದ ಓರಗಿತ್ತಿಗೆ ಎರಡನೆಯ ದಿನವೇ ರಜೆ ಸಿಕ್ಕಿತಂತೆ. ಅಟ್ಟೂರಿಗೆ ಬಂದು ಅತ್ತೆಗೆ ಸ್ನಾನ ಮಾಡಿಸುತ್ತಿದ್ದಾಳೆ ಅಂತ ನಾದಿನಿ ಫೋನಿನಲ್ಲಿ ಹೇಳಿದಳು. ಚೆನ್ನಾಗಿ ಆಗಲಿ ಅಂದೆ.

ಐದನೆಯ ದಿನ ಅತ್ತೆಯೇ ಫೋನ್ ಮಾಡಿದರು.

"ಯಾವಾಗ್ ಬತ್ತೀಯವ್ವಾ?"

ಬರುವ ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಅಂತ ಅಕ್ಕನಿಗೆ ಆಗಲೇ ಹೇಳಿದ್ದೆ.

"ಗೊತ್ತಿಲ್ಲ ಅತ್ತೆ," ಅಂದೆ.